ಐದು ಜನ, 20 ನಿಮಿಷ: ಪ್ರಾಜೆಕ್ಟ್ ಪ್ರೆಸೆಂಟೇಶನ್ ಹಂಚಿಕೊಳ್ಳೋದು ಹೇಗೆ?

ಬ್ಯೂರೆಟ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ ಕೊನೇ ವರ್ಷ, ಕೆಮಿಸ್ಟ್ರಿ. ಪಾವಗಡ ತಾಲ್ಲೂಕಿನ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನ ಮೇಲೆ ನಮ್ಮ ಪ್ರಾಜೆಕ್ಟ್. ಹತ್ತು ಬೋರ್‌ವೆಲ್‌ಗಳಿಂದ ನೀರು ತಂದು ಪಿಎಚ್, ಟಿಡಿಎಸ್, ಗಡಸುತನ, ಫ್ಲೋರೈಡ್ ನೋಡಿದ್ದೇವೆ. ಮುಂದಿನ ವಾರ ಪ್ರೆಸೆಂಟೇಶನ್. 20 ನಿಮಿಷ ಮಾತು, 10 ನಿಮಿಷ ಪ್ರಶ್ನೆ. ಐದೂ ಜನ ಮಾತಾಡಲೇಬೇಕು. ಅಂಕ ಒಬ್ಬೊಬ್ಬರಿಗೂ ಬೇರೆ.

ನಿನ್ನೆ ಕ್ಯಾಂಟೀನಿನಲ್ಲಿ ಕೂತು ಹಂಚಿಕೊಂಡಿದ್ದು ಹೀಗೆ. ಪಿಪಿಟಿ ಮಾಡಿದವಳಿಗೆ ಪೀಠಿಕೆ. ಆ ಊರಿನ ಹುಡುಗನಿಗೆ ಸ್ಯಾಂಪಲ್ ತಂದ ಕಥೆ. ನನಗೆ ಪ್ರಯೋಗದ ವಿಧಾನ ಪೂರ್ತಿ. ಫಲಿತಾಂಶ ಪೂರ್ತಿ ಇಂಗ್ಲಿಷ್ ಚೆನ್ನಾಗಿ ಮಾತಾಡೋ ಹುಡುಗನಿಗೆ, ಯಾಕಂದ್ರೆ "ಅದು ಚೆನ್ನಾಗಿ ಕಾಣಬೇಕು". ಫ್ಲೋರೈಡ್ ಮಾಡಿದವನಿಗೆ ಕೊನೆಯ ಎರಡು ಸ್ಲೈಡ್. ಎಲ್ಲರಿಗೂ ನಾಲ್ಕು ನಾಲ್ಕು ನಿಮಿಷ, ಸಮ ಆಯ್ತಲ್ಲ ಅಂತಾರೆ.

ನನಗೆ ಸಮ ಅನ್ನಿಸ್ತಿಲ್ಲ. ಪೀಠಿಕೆಯ ನಾಲ್ಕು ನಿಮಿಷ ಬೇರೆ, ವಿಧಾನದ ನಾಲ್ಕು ನಿಮಿಷ ಬೇರೆ. ಆದರೆ ಏನು ಅನ್ಯಾಯ ಅಂತ ಕೇಳಿದರೆ ಬಾಯಿಗೆ ಬರ್ತಿಲ್ಲ. ಜಗಳ ಆಗದ ಹಾಗೆ ಹೇಗೆ ಹಂಚೋದು?

ನೇರ ಮಾತು

ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ? 20 ಭಾಗಿಸು 5, ನಾಲ್ಕು. ಚೀಟಿ ಎತ್ತಿ. ಯಾರಿಗೆ ಏನು ಬಂತೋ ಅದು. ಅದೃಷ್ಟದ ಮೇಲೆ ಯಾರೂ ಮುನಿಸಿಕೊಳ್ಳಲ್ಲ.

ಬ್ಯೂರೆಟ್ ಹುಡುಗಿ

ಚೀಟಿ ಎತ್ತಿ ನನಗೆ ಫ್ಲೋರೈಡ್ ಬಂದರೆ? ನಾನು ಆ ಸ್ಪೆಕ್ಟ್ರೋಫೋಟೋಮೀಟರ್ ಮುಟ್ಟಿಲ್ಲ.

ನೇರ ಮಾತು

ಒಂದು ವಾರ ಇದೆಯಲ್ಲ. ಓದ್ಕೊಳ್ಳಿ.

ಎರಡನೇ ಶಿಫ್ಟ್

ತಂಗಿ, ನೇರವಾಗಿ ಹೇಳ್ತೀನಿ. ಕೆಲಸ ಮಾಡದವರನ್ನ ಗುಂಪಿನಿಂದ ತೆಗೀರಿ. ನಮ್ಮ ಗುಂಪಿನಲ್ಲೂ ಒಬ್ಬ ಇದ್ದ. ಲ್ಯಾಬಿಗೆ ಬರಲ್ಲ, ಫೋಟೋಗೆ ಮಾತ್ರ ಮುಂದೆ. ಗೈಡ್‌ಗೆ ಹೇಳಿ ತೆಗೆಸಿದೆವು. ಆಮೇಲೆ ನಾಲ್ಕೇ ಜನ, ಆರಾಮ.

ಬ್ಯೂರೆಟ್ ಹುಡುಗಿ

ಅಣ್ಣ, ನಾನು ಕೇಳಿದ್ದು ಅದಲ್ಲ. ಯಾರನ್ನೂ ತೆಗೆಯೋದು ಬೇಡ. ಎಲ್ಲರೂ ಏನೋ ಒಂದು ಮಾಡಿದ್ದಾರೆ. ಮಾತಾಡೋದನ್ನ ಹಂಚೋದು ಹೇಗೆ ಅಂತ ಅಷ್ಟೇ.

ಎರಡನೇ ಶಿಫ್ಟ್

ಓ, ಸರಿ ಸರಿ. ಪೂರ್ತಿ ಓದಲಿಲ್ಲ.

ಮೂಲೆಮನೆ ಮೇಷ್ಟ್ರು

ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ. ಬೇರೆ ಕಾಲೇಜುಗಳಿಗೆ ಎಕ್ಸ್‌ಟರ್ನಲ್ ಆಗಿಯೂ ಹೋಗ್ತೀನಿ. ಮೇಜಿನ ಈ ಕಡೆ ಕೂತವರ ಕಣ್ಣಿಗೆ ಏನು ಕಾಣುತ್ತೆ ಅಂತ ಹೇಳ್ತೀನಿ ಕೇಳಮ್ಮ.

ನೀವು ನಿಮಿಷ ಎಣಿಸಿದ್ದೀರಿ. ಆದರೆ ಪ್ರೆಸೆಂಟೇಶನ್‌ನಲ್ಲಿ ಕಷ್ಟ ಇರೋದು ಮಾತಾಡೋ ನಿಮಿಷದಲ್ಲಿ ಅಲ್ಲ, ಆಮೇಲೆ ಬರೋ ಪ್ರಶ್ನೆಯಲ್ಲಿ. ಮಾತನ್ನ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬರಬಹುದು. ಪ್ರಶ್ನೆಗೆ ಹಾಗಾಗಲ್ಲ. ನಿಮ್ಮ ಪೀಠಿಕೆಯವಳಿಗೆ ನಾನು ಏನು ಕೇಳ್ತೀನಿ? ಪಾವಗಡ ಯಾಕೆ ಆರಿಸಿಕೊಂಡ್ರಿ, ಫ್ಲೋರೈಡ್ ಜಾಸ್ತಿ ಆದರೆ ಏನಾಗುತ್ತೆ. ಹಲ್ಲಿನ ಮೇಲೆ ಕಲೆ, ಮೂಳೆ ತೊಂದರೆ ಅಂತ ಹೇಳಿ ಕೂತ್ಕೋತಾಳೆ. ನಿನಗೆ ಏನು ಕೇಳ್ತೀನಿ ಗೊತ್ತಾ? ಗಡಸುತನದ ಟೈಟ್ರೇಶನ್‌ಗೆ ಪಿಎಚ್ 10ರ ಬಫರ್ ಯಾಕೆ, 7ರಲ್ಲಿ ಯಾಕಾಗಲ್ಲ. ಬಫರ್ ಹಾಕಿದ ಮೇಲೆ ಐದು ನಿಮಿಷದೊಳಗೆ ಯಾಕೆ ಮುಗಿಸಬೇಕು. ವೈನ್ ಕೆಂಪಿನಿಂದ ನೀಲಿಗೆ ತಿರುಗೋವಾಗ ಯಾವ ಹನಿಗೆ ನಿಲ್ಲಿಸಿದೆ. ಅದು ಮುಗಿಯುತ್ತಿದ್ದ ಹಾಗೆ ಫ್ಲೋರೈಡ್ ವಿಧಾನದ ಪ್ರಶ್ನೆಯೂ ನಿನಗೇ, ಯಾಕಂದ್ರೆ ವಿಧಾನ ಪೂರ್ತಿ ನಿಂದು. ಅದನ್ನ ಮಾಡಿದ ಹುಡುಗ ಕೊನೆಯ ಸ್ಲೈಡ್ ಹಿಡ್ಕೊಂಡು ಸುಮ್ನೆ ನಿಂತಿರ್ತಾನೆ.

ನಿನ್ನ ಬಾಯಿಗೆ ಬರದ ಅನ್ಯಾಯ ಇದೇ. ನಿಮಿಷ ಸಮ ಇದೆ, ಪ್ರಶ್ನೆ ಸಮ ಇಲ್ಲ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಐದೂ ಜನ ಬೇರೆ ಬೇರೆ ಕೂತು, ಪ್ರತಿ ಭಾಗಕ್ಕೆ ಎಕ್ಸ್‌ಟರ್ನಲ್ ಏನೇನು ಕೇಳಬಹುದು ಅಂತ ಬರೀರಿ. ಆಮೇಲೆ ಒಟ್ಟಿಗೆ ಸೇರಿಸಿ, ಒಂದೇ ಥರದ್ದನ್ನ ಒಂದು ಮಾಡಿ, ಎಣಿಸಿ. ಯಾವ ಭಾಗ ಭಾರ ಅಂತ ವಾದ ಮಾಡೋದೇ ಬೇಕಾಗಲ್ಲ.

ಬಿಲ್ಡ್ ಫೇಲ್

ಮೇಷ್ಟ್ರು ಹೇಳಿದ್ದು ಸರಿ. ನಮ್ಮ ವಿಟಿಯುನಲ್ಲಿ ಮೇಜರ್ ಪ್ರಾಜೆಕ್ಟಿನ ಇಂಟರ್ನಲ್ಸ್ ಹಂಚೋದು ವರದಿ 50, ಪ್ರೆಸೆಂಟೇಶನ್ 25, ಪ್ರಶ್ನೋತ್ತರ 25ರ ಲೆಕ್ಕದಲ್ಲಿ. ಅಂದರೆ ಮಾತಿಗೆ ಎಷ್ಟು ತೂಕವೋ ಉತ್ತರಕ್ಕೂ ಅಷ್ಟೇ. ಆದರೂ ಎಲ್ಲರೂ ಹಂಚೋದು ಸ್ಲೈಡನ್ನ ಮಾತ್ರ. ನಿಮ್ಮ ಯೂನಿವರ್ಸಿಟಿಯ ಲೆಕ್ಕ ಬೇರೆ ಇರಬಹುದು, ಗೈಡ್ ಹತ್ತಿರ ಮೊದಲು ಕೇಳಿ.

ಬ್ಯೂರೆಟ್ ಹುಡುಗಿ

ಸರ್, ಬರೆಸಿದೆ. ಪೀಠಿಕೆಗೆ ಮೂರು ಪ್ರಶ್ನೆ. ಸ್ಯಾಂಪಲ್‌ಗೆ ನಾಲ್ಕು. ವಿಧಾನಕ್ಕೆ ಹನ್ನೊಂದು! ಫಲಿತಾಂಶಕ್ಕೆ ಏಳು. ಕೊನೆಯ ಭಾಗಕ್ಕೆ ನಾಲ್ಕು. ಕಾಗದ ನೋಡಿದ ಮೇಲೆ ಯಾರೂ ವಾದ ಮಾಡಲಿಲ್ಲ. ಪಿಪಿಟಿ ಮಾಡಿದವಳೇ "ಇದು ಜಾಸ್ತಿ ಆಯ್ತು ಕಣೇ" ಅಂದಳು.

ಆದರೆ ಈಗ ಏನು ಮಾಡೋದು? ವಿಧಾನವನ್ನ ಇಬ್ಬರಿಗೆ ಒಡೆಯೋದಾ?

ಮೂಲೆಮನೆ ಮೇಷ್ಟ್ರು

ಒಡೆಯೋದಕ್ಕಿಂತ ಕತ್ತರಿಸೋ ದಿಕ್ಕನ್ನೇ ಬದಲಾಯಿಸಿ. ವರದಿಯಲ್ಲಿ ಅಧ್ಯಾಯ ಇರೋ ಹಾಗೇ ನೀವು ಮಾತನ್ನೂ ಕತ್ತರಿಸಿದ್ದೀರಿ. ಪೀಠಿಕೆ, ವಿಧಾನ, ಫಲಿತಾಂಶ, ಕೊನೆ. ಹಾಗೆ ಕತ್ತರಿಸಿದರೆ ಒಬ್ಬರು ಮಾಡಿದ ಪ್ರಯೋಗವನ್ನ ಇನ್ನೊಬ್ಬರು ವಿವರಿಸಿ, ಅದರ ಅಂಕಿಯನ್ನ ಮೂರನೆಯವರು ಓದ್ತಾರೆ. ಪ್ರಶ್ನೆ ಬಂದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡ್ತಾರೆ.

ಅದರ ಬದಲು ಪರೀಕ್ಷೆಯ ಪ್ರಕಾರ ಕತ್ತರಿಸಿ. ಗಡಸುತನ ಮಾಡಿದವಳು ಗಡಸುತನದ ವಿಧಾನ ಹೇಳಿ, ಅಲ್ಲೇ ಅದರ ಫಲಿತಾಂಶವನ್ನೂ ಹೇಳಲಿ. ಫ್ಲೋರೈಡ್ ಮಾಡಿದವನು ಫ್ಲೋರೈಡ್‌ನದ್ದು. ಆಗ ಪ್ರಶ್ನೆ ತಾನಾಗಿಯೇ ಕೆಲಸ ಮಾಡಿದವರ ಹತ್ತಿರ ಹೋಗುತ್ತೆ.

ಒಂದು ಅಂದಾಜು ಕೊಡ್ತೀನಿ. 20 ನಿಮಿಷ ಪೂರ್ತಿ ಹಂಚಬೇಡಿ. ಮಾತಾಡೋರು ನಾಲ್ಕು ಸಲ ಬದಲಾಗ್ತಾರೆ. ಮೈಕ್ ಕೊಡೋದು, ಸ್ಲೈಡ್ ಸರಿಸೋದು, "ಮುಂದಿನ ಭಾಗವನ್ನ" ಅನ್ನೋದು, ಇದಕ್ಕೇ ಒಂದು ನಿಮಿಷ ಮೇಲೆ ಹೋಗುತ್ತೆ. 18ಕ್ಕೆ ಹಂಚಿ.

ಊರಿನ ಹುಡುಗ: ಯಾಕೆ ಈ ಹಳ್ಳಿಗಳು, ಬೋರ್‌ವೆಲ್ ಎಲ್ಲೆಲ್ಲಿ, ನೀರು ಹೇಗೆ ತಂದಿರಿ. 4 ನಿಮಿಷ.
ಪಿಪಿಟಿ ಹುಡುಗಿ: ಪಿಎಚ್ ಮತ್ತು ಟಿಡಿಎಸ್. 3 ನಿಮಿಷ.
ನೀನು: ಗಡಸುತನ. ಮೂರೂವರೆ.
ಫ್ಲೋರೈಡ್ ಹುಡುಗ: ಫ್ಲೋರೈಡ್. 4 ನಿಮಿಷ, ನಿಮ್ಮ ಪ್ರಾಜೆಕ್ಟಿನ ಜೀವ ಅದೇ ಅಲ್ವಾ.
ಇಂಗ್ಲಿಷ್ ಹುಡುಗ: ನಾಲ್ಕನ್ನೂ ಒಟ್ಟಿಗೆ ಇಟ್ಟು ಯಾವ ಬೋರ್‌ವೆಲ್ ನೀರು ಕುಡಿಯಬಹುದು, ಯಾವುದು ಬೇಡ, ಪರಿಹಾರ ಏನು. ಮೂರೂವರೆ.

ಪೀಠಿಕೆ ಅಂತ ಪ್ರತ್ಯೇಕ ಭಾಗವೇ ಇಲ್ಲ ನೋಡು. ಅದು ಸ್ಯಾಂಪಲ್ ಕಥೆಯೊಳಗೆ ಸೇರಿಹೋಯ್ತು. ಯಾರಿಗೂ ಬರೀ ಸುಲಭದ್ದು ಇಲ್ಲ, ಯಾರಿಗೂ ಬರೀ ಕಷ್ಟದ್ದು ಇಲ್ಲ.

ನೇರ ಮಾತು

ಹಾಗೆ ಮಾಡಿದರೆ ಕೇಳೋರಿಗೆ ಗೋಜಲು. ವಿಧಾನ, ಫಲಿತಾಂಶ, ಮತ್ತೆ ವಿಧಾನ, ಮತ್ತೆ ಫಲಿತಾಂಶ. ಒಬ್ಬೊಬ್ಬರೂ "ಸ್ಯಾಂಪಲ್ ಸೋಸಿ, ಬಾಟಲಿಗೆ ಹಾಕಿ" ಅಂತ ಮೊದಲಿನಿಂದ ಶುರು ಮಾಡ್ತಾರೆ.

ಮೂಲೆಮನೆ ಮೇಷ್ಟ್ರು

ಆ ಅಪಾಯ ಇದೆ, ಒಪ್ತೀನಿ. ಎಲ್ಲ ಪರೀಕ್ಷೆಗೂ ಸಾಮಾನ್ಯವಾದದ್ದೆಲ್ಲ ಊರಿನ ಹುಡುಗನ ಭಾಗದಲ್ಲೇ ಮುಗಿಯಬೇಕು. ಮಿಕ್ಕವರು ಅದನ್ನ ಮತ್ತೆ ಎತ್ತಬಾರದು. ಭಾರತೀಯ ಮಾನಕ ಐಎಸ್ 10500ರ ಮಿತಿಗಳದ್ದೂ ಒಂದೇ ಸ್ಲೈಡ್ ಇರಲಿ, ಶುರುವಿನಲ್ಲೇ. ಪರೀಕ್ಷೆಗಳು ಹತ್ತು ಹನ್ನೆರಡು ಇದ್ದಿದ್ದರೆ ಈ ದಾರಿ ಬೇಡ ಅಂತಿದ್ದೆ. ನಾಲ್ಕಕ್ಕೆ ತೊಂದರೆ ಇಲ್ಲ.

ಹಸಿರು ಶಾಯಿ

ನಡುವೆ ಬಾಯಿ ಹಾಕ್ತಿದ್ದೀನಿ. ಗಣಿತದವರು ಹಂಚಿಕೆಗೆ ಒಂದು ಒಳ್ಳೆ ದಾರಿ ಹೇಳ್ತಾರಲ್ಲ, ಒಬ್ಬರು ಕತ್ತರಿಸೋದು, ಇನ್ನೊಬ್ಬರು ಆರಿಸೋದು. ಇಲ್ಲೂ ಹಾಗೇ ಮಾಡಿ. ಬ್ಯೂರೆಟ್ ಹುಡುಗಿ ಐದು ಭಾಗ ಮಾಡಲಿ, ಮಿಕ್ಕ ನಾಲ್ವರು ಒಬ್ಬೊಬ್ಬರಾಗಿ ಆರಿಸಲಿ, ಅವಳಿಗೆ ಉಳಿದದ್ದು. ಎಲ್ಲರಿಗೂ ನ್ಯಾಯ ಗ್ಯಾರಂಟಿ.

ಸಂಖ್ಯಾ ಪ್ರಿಯ

ಅರ್ಧ ಸರಿ. ಇಬ್ಬರಿದ್ದಾಗ ಆ ಉಪಾಯ ಪಕ್ಕಾ. ಐದು ಜನ ಇದ್ದಾಗ ಅದು ಕತ್ತರಿಸಿದವರನ್ನ ಮಾತ್ರ ಕಾಪಾಡುತ್ತೆ. ತನ್ನ ಲೆಕ್ಕದಲ್ಲಿ ಐದೂ ಸಮ ಇರೋ ಹಾಗೆ ಅವಳು ಕತ್ತರಿಸಿದ್ದರೆ ಯಾವುದು ಉಳಿದರೂ ಅವಳಿಗೆ ನಷ್ಟ ಇಲ್ಲ. ಮೊದಲು ಆರಿಸಿದವನಿಗೂ ಖುಷಿ. ನಾಲ್ಕನೆಯವನ ಪಾಡು? ಅವನಿಗೆ ಬೇಕಾದದ್ದು ಮೂರೂ ಹೋಗಿರಬಹುದು.

ಐದು ಜನಕ್ಕೆ ನಾನು ಹೇಳೋದು ಇದು. ಪ್ರತಿಯೊಬ್ಬರಿಗೂ 100 ಅಂಕ ಕೊಡಿ. ಅದನ್ನ ಐದು ಭಾಗಗಳಿಗೆ ಅವರೇ ಹಂಚಲಿ. ಯಾವುದು ಭಾರ ಅನ್ನಿಸುತ್ತೋ ಅದಕ್ಕೆ ಜಾಸ್ತಿ. ಗುಟ್ಟಾಗಿ ಬರೆದು, ಒಟ್ಟಿಗೆ ತೆರೀರಿ. ಒಂದು ಭಾಗಕ್ಕೆ ಎಲ್ಲರಿಗಿಂತ ಕಡಿಮೆ ಅಂಕ ಯಾರು ಬರೆದಿದ್ದಾರೋ ಆ ಭಾಗ ಅವರಿಗೆ. ಒಬ್ಬನಿಗೆ ಭಾರ ಅನ್ನಿಸಿದ್ದು ಇನ್ನೊಬ್ಬನಿಗೆ ಹಗುರ ಇರುತ್ತೆ. ಹಂಚಿಕೆಯಲ್ಲಿ ಎಲ್ಲರಿಗೂ ಲಾಭ ಹುಟ್ಟೋದು ಅಲ್ಲೇ.

ಬ್ಯೂರೆಟ್ ಹುಡುಗಿ

ಅಯ್ಯೋ, ಇದು ಚೆನ್ನಾಗಿದೆ. ಮೇಷ್ಟ್ರ ಐದು ಭಾಗ ಇಟ್ಟುಕೊಂಡು ಮಾಡಿ ನೋಡ್ತೀವಿ.

ಮೆಲ್ಲಮೆಲ್ಲಗೆ

ನಾನು ಬೇರೆ ವಿಷಯ ಹೇಳಬೇಕು. ನನಗೆ ಮಾತು ತಡೆಯುತ್ತೆ, ಚಿಕ್ಕಂದಿನಿಂದ. ಎಂ.ಕಾಂ ಮಾಡೋವಾಗ ನಮ್ಮ ಗುಂಪಿನಲ್ಲೂ "ಎಲ್ಲರಿಗೂ ಸಮ ನಿಮಿಷ" ಅಂತ ನಿಯಮ. ಬೇರೆಯವರು ನಾಲ್ಕು ನಿಮಿಷದಲ್ಲಿ ಆರು ಸ್ಲೈಡ್ ಹೇಳೋರು. ನನಗೂ ಆರೇ ಸ್ಲೈಡ್ ಕೊಟ್ಟಿದ್ದರು. ನಾಲ್ಕನೆಯದರಲ್ಲಿ ಗಂಟೆ ಹೊಡೀತು. ಎಲ್ಲರಿಗೂ ಒಂದೇ ನಿಮಿಷ, ಒಂದೇ ಸ್ಲೈಡ್ ಅಂದರೆ ನಿಧಾನ ಮಾತಾಡೋರಿಗೆ ಅದು ಸಮ ಅಲ್ಲ.

ಗುಂಪಿನಲ್ಲಿ ಅಂಥವರು ಇದ್ದರೆ ನಿಮಿಷ ಅಷ್ಟೇ ಇಡಿ, ಸ್ಲೈಡ್ ಕಡಿಮೆ ಮಾಡಿ. ಇಲ್ಲಾಂದ್ರೆ ಸ್ಲೈಡ್ ಅಷ್ಟೇ ಇಟ್ಟು ನಿಮಿಷ ಜಾಸ್ತಿ ಕೊಡಿ. ಇನ್ನೊಂದು, ಅವರನ್ನ ಕೇಳದೆ "ಪಾಪ" ಅಂತ ಕೊನೆಯ ಧನ್ಯವಾದದ ಸ್ಲೈಡ್ ಕೊಡಬೇಡಿ. ನನಗೆ ಹಾಗೆ ಕೊಟ್ಟಾಗ ಆದ ಅವಮಾನ ತಡೆಯೋ ಮಾತಿಗಿಂತ ದೊಡ್ಡದು.

ಬ್ಯೂರೆಟ್ ಹುಡುಗಿ

ಅಣ್ಣ, ನೀವು ಹೇಳಿದ್ದು ಓದಿ ನಮ್ಮ ಊರಿನ ಹುಡುಗ ನೆನಪಾದ. ಅವನಿಗೆ ತಡೆಯೋದಿಲ್ಲ, ಆದರೆ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಹೇಳಬೇಕಂದ್ರೆ ಮನಸ್ಸಿನಲ್ಲೇ ತರ್ಜುಮೆ ಮಾಡಿಕೊಂಡು ನಿಧಾನಕ್ಕೆ ಹೇಳ್ತಾನೆ. ಕನ್ನಡದಲ್ಲಾದರೆ ಆ ಬೋರ್‌ವೆಲ್‌ಗಳ ಚರಿತ್ರೆಯನ್ನೇ ಹೇಳಿಬಿಡ್ತಾನೆ. ಯಾವುದು ಯಾವ ವರ್ಷ ಕೊರೆಸಿದ್ದು, ಎಷ್ಟು ಅಡಿ, ಯಾವುದರ ನೀರಿಗೆ ಬೇಳೆ ಬೇಯಲ್ಲ, ಎಲ್ಲ.

ಮೂಲೆಮನೆ ಮೇಷ್ಟ್ರು

ಅವನಿಗೆ ಕನ್ನಡದಲ್ಲಿ ಹೇಳೋಕೆ ಬಿಡ್ತಾರಾ ಅಂತ ಗೈಡ್‌ನ ಕೇಳು. ಬಿಡೋ ಕಾಲೇಜುಗಳಿವೆ, ಬಿಡದವೂ ಇವೆ. ಬಿಡದಿದ್ದರೆ ಸ್ಲೈಡಿನಲ್ಲಿ ವಾಕ್ಯ ಹಾಕಬೇಡಿ. ನಕ್ಷೆ ಮತ್ತು ಫೋಟೋ ಹಾಕಿ. ಫೋಟೋ ಇದ್ದರೆ ಚಿಕ್ಕ ವಾಕ್ಯಗಳಲ್ಲಿ ಹೇಳಬಹುದು. ವಾಕ್ಯ ಇದ್ದರೆ ಓದೋಕೆ ಶುರು ಮಾಡ್ತಾರೆ, ಓದಿದರೆ ಅಂಕ ಹೋಯ್ತು.

ಆ ಭಾಗ ಸುಲಭ ಅಂದುಕೊಳ್ಳಬೇಡಿ ಮತ್ತೆ. ಪಂಪ್ ಶುರು ಮಾಡಿದ ತಕ್ಷಣ ನೀರು ಹಿಡಿದ್ರಾ, ಸ್ವಲ್ಪ ಹೊತ್ತು ಹರಿಸಿದ್ರಾ? ಪೈಪಿನಲ್ಲಿ ನಿಂತ ನೀರು ಬೇರೆ, ನೆಲದೊಳಗಿನ ನೀರು ಬೇರೆ. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬಿಟ್ಟು ಪ್ಲಾಸ್ಟಿಕ್ ಯಾಕೆ? ಇವನ್ನ ನಾನು ಖಂಡಿತ ಕೇಳ್ತೀನಿ.

ಬ್ಯೂರೆಟ್ ಹುಡುಗಿ

100 ಅಂಕದ ಆಟ ಆಯ್ತು. ಫ್ಲೋರೈಡ್‌ಗೆ ನಾನು 30 ಬರೆದಿದ್ದೆ, ಅದನ್ನ ಮಾಡಿದವನು 15. ಅವನಿಗೇ ಹೋಯ್ತು. ಗಡಸುತನಕ್ಕೆ ನಾನೇ ಎಲ್ಲರಿಗಿಂತ ಕಡಿಮೆ. ಸ್ಯಾಂಪಲ್‌ಗೆ ಊರಿನ ಹುಡುಗ. ಇಲ್ಲಿವರೆಗೆ ಸಲೀಸು.

ಆಮೇಲೆ ಸಿಕ್ಕಿ ಬಿತ್ತು. ಪಿಎಚ್-ಟಿಡಿಎಸ್ ಭಾಗಕ್ಕೆ ಪಿಪಿಟಿ ಹುಡುಗಿ, ಇಂಗ್ಲಿಷ್ ಹುಡುಗ ಇಬ್ಬರೂ 10 ಬರೆದಿದ್ದಾರೆ. ಕೊನೆಯ ಭಾಗಕ್ಕೆ ಇಬ್ಬರೂ 30. ಇಬ್ಬರಿಗೂ ಅದೇ ಬೇಕು, ಇದು ಬೇಡ.

ಹಸಿರು ಶಾಯಿ

ನೋಡಿ, ಅಂಕದ ಆಟದಲ್ಲೂ ಮೋಸ ಇದೆ. ಬೇಡದ್ದಕ್ಕೆ ಬೇಕಂತಲೇ ಜಾಸ್ತಿ ಬರೆದರೆ ತಪ್ಪಿಸಿಕೊಳ್ಳಬಹುದು.

ಸಂಖ್ಯಾ ಪ್ರಿಯ

ಹೌದು, ಅದು ಇದರ ಮಿತಿ. ಹಿಡಿಯೋಕೆ ಒಂದೇ ದಾರಿ, ಯಾರು ಏನು ಕೆಲಸ ಮಾಡಿದ್ದಾರೆ ಅನ್ನೋದು. ತಾನೇ ಮಾಡಿದ ಪ್ರಯೋಗಕ್ಕೆ 40 ಬರೆದವನ ಮೇಲೆ ಅನುಮಾನ ಪಡಬಹುದು. ಆದರೆ ಈ ಇಬ್ಬರೂ ಆ ಎರಡು ಭಾಗದ ಕೆಲಸ ಮಾಡಿಲ್ಲ ಅನ್ನಿಸುತ್ತೆ, ಹಾಗಾಗಿ ಆ ತಾಳೆ ಇಲ್ಲಿ ನಡೆಯಲ್ಲ.

ಸಮ ಬಂದಾಗ ಭಾರದ ವ್ಯತ್ಯಾಸವನ್ನ ಬೇರೆ ಕೆಲಸದಿಂದ ತುಂಬಿ. ಹಗುರ ಭಾಗ ತಗೊಂಡವರು ಇನ್ನೊಂದು ಹೊಣೆ ಹೊರಬೇಕು. ಆ ಹೊಣೆ ಏನು ಅಂತ ಮೊದಲು ಬರೆದಿಟ್ಟು ಆಮೇಲೆ ಆರಿಸೋಕೆ ಹೇಳಿ. ಹಗುರ ಭಾಗ ಅಷ್ಟು ರುಚಿ ಅನ್ನಿಸದೇ ಇರಬಹುದು ಆಗ.

ಬ್ಯೂರೆಟ್ ಹುಡುಗಿ

ಎಂಥ ಹೊಣೆ? ಕ್ಲಿಕ್ಕರ್ ಒತ್ತೋದಾ?

ಮೂಲೆಮನೆ ಮೇಷ್ಟ್ರು

ಕ್ಲಿಕ್ಕರ್ ಹೊಣೆ ಅಲ್ಲಮ್ಮ. ಹೊಣೆ ಅಂದರೆ ಪ್ರಶ್ನೆ. ಯಾರ ಭಾಗಕ್ಕೂ ಸೇರದ ಪ್ರಶ್ನೆ ಮೂರು ನಾಲ್ಕು ಬಂದೇ ಬರುತ್ತೆ. ಹತ್ತೇ ಬೋರ್‌ವೆಲ್ ಯಾಕೆ? ಮಳೆಗಾಲದಲ್ಲೂ ನೋಡಿದ್ರಾ, ಬರೀ ಬೇಸಿಗೆಯಾ? ಒಂದೇ ಸ್ಯಾಂಪಲನ್ನ ಎರಡು ಸಲ ಅಳೆದ್ರಾ? ಅಂಥ ಪ್ರಶ್ನೆಗೆಲ್ಲ ಮೊದಲು ಬಾಯಿ ತೆರೆಯೋರು ಪಿಎಚ್-ಟಿಡಿಎಸ್ ತಗೊಂಡವರು ಅಂತ ನಿಯಮ ಮಾಡಿ. ಆಗ ಪಿಎಚ್‌ನ ಮೂರು ನಿಮಿಷ ಹಗುರ ಉಳಿಯಲ್ಲ.

ಕೊನೆಯ ಭಾಗವೂ ಅವರು ಅಂದುಕೊಂಡಷ್ಟು ಭಯದ್ದಲ್ಲ. ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರ ತನಕ ಬಿಡಬಹುದು. ಗಡಸುತನಕ್ಕೆ ಅದೇ ರೀತಿ 200, 600. ಹತ್ತು ಬೋರ್‌ವೆಲ್ಲನ್ನ ಈ ಮಿತಿಗಳ ಎದುರು ಇಟ್ಟು ಮೂರು ಗುಂಪು ಮಾಡಿ ಹೇಳಿದರೆ ಅರ್ಧ ಕೆಲಸ ಮುಗೀತು. ಉಳಿದರ್ಧ ಪರಿಹಾರ. ಆರ್‌ಒ ಘಟಕ ಹಾಕಿದರೆ ಅದು ಹೊರಹಾಕೋ ನೀರನ್ನ ಏನು ಮಾಡೋದು, ಆಲಂ ಮತ್ತು ಸುಣ್ಣ ಹಾಕಿ ತೆಗೆಯೋ ನಲ್ಗೊಂಡ ವಿಧಾನ ಯಾವಾಗ ಸರಿ. ಮಾತು ಚೆನ್ನಾಗಿ ಬರೋ ಹುಡುಗ ಒಂದು ಸಂಜೆ ಕೂತರೆ ಆಗುತ್ತೆ.

ಬ್ಯೂರೆಟ್ ಹುಡುಗಿ

ಹೊಣೆ ಬರೆದಿಟ್ಟ ಮೇಲೆ ಇಂಗ್ಲಿಷ್ ಹುಡುಗ ತಾನೇ ಕೊನೆಯ ಭಾಗ ತಗೊಂಡ. "ಯಾರ ಭಾಗಕ್ಕೂ ಸೇರದ ಪ್ರಶ್ನೆ ನನಗೆ ಬೇಡಪ್ಪಾ" ಅಂದ.

ಈಗ ಪಿಪಿಟಿ ಹುಡುಗಿಗೆ ಪಿಎಚ್-ಟಿಡಿಎಸ್. ಆದರೆ ಸರ್, ಅವಳು ಲ್ಯಾಬಿಗೆ ಬಂದಿದ್ದೇ ಕಡಿಮೆ. ಮಾಡದ ಪ್ರಯೋಗವನ್ನ ಮಾಡಿದೆ ಅಂತ ಹೇಳೋದು ಸರಿನಾ?

ಎರಡನೇ ಶಿಫ್ಟ್

ನಾನು ಹೇಳಿದ್ದು ಇದನ್ನೇ!

ಮೂಲೆಮನೆ ಮೇಷ್ಟ್ರು

"ನಾನು ಮಾಡಿದೆ" ಅನ್ನಬಾರದು, "ನಾವು ಮಾಡಿದೆವು" ಅಂದರೆ ಸುಳ್ಳಲ್ಲ. ಅದಕ್ಕಿಂತ ಒಳ್ಳೆಯದು, ಒಂದು ಮಧ್ಯಾಹ್ನ ಅವಳನ್ನ ಲ್ಯಾಬಿಗೆ ಕರೆದುಕೊಂಡು ಹೋಗು. ಪಿಎಚ್ ಮೀಟರನ್ನ 4, 7, 9.2ರ ಬಫರ್ ದ್ರಾವಣದಲ್ಲಿ ಅವಳ ಕೈಯಲ್ಲೇ ಹೊಂದಿಸಲಿ. ನಲ್ಲಿ ನೀರಿನ ವಾಹಕತೆ ಅಳೆದು ಟಿಡಿಎಸ್ ಲೆಕ್ಕ ಹಾಕಲಿ. ಎಕ್ಸ್‌ಟರ್ನಲ್ ಕೇಳೋ ಪ್ರಶ್ನೆ ಒಂದೇ ಅಂತ ಇಟ್ಟುಕೊ. ಟಿಡಿಎಸ್ಸನ್ನ ನೀರು ಕಾಯಿಸಿ ತೂಗಿ ತೆಗೆದ್ರಾ, ಇಲ್ಲ ವಾಹಕತೆಯನ್ನ 0.65ರ ಹತ್ತಿರದ ಒಂದು ಸಂಖ್ಯೆಯಿಂದ ಗುಣಿಸಿದ್ರಾ? ಕೈಯಲ್ಲಿ ಮಾಡಿದವರು ಒಂದು ಕ್ಷಣವೂ ತಡವರಿಸಲ್ಲ. ಹಳೇ ಸ್ಯಾಂಪಲ್ ಮೇಲೆ ಮಾತ್ರ ಪಿಎಚ್ ಮತ್ತೆ ನೋಡಿ ವರದಿಗೆ ಹಾಕಬೇಡಿ. ಇಷ್ಟು ದಿನ ಇಟ್ಟ ನೀರಿನ ಪಿಎಚ್ ಬದಲಾಗಿರುತ್ತೆ.

ಬಿಲ್ಡ್ ಫೇಲ್

ಹಂಚಿದ್ದು ಸರಿಯಾಗಿದೆಯಾ ಅಂತ ರಿಹರ್ಸಲ್‌ನಲ್ಲೇ ಗೊತ್ತಾಗುತ್ತೆ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ, ಜೂನಿಯರ್ ಒಬ್ಬನನ್ನ ಕೂರಿಸಿ ನೀವು ಬರೆದ ಪ್ರಶ್ನೆಗಳನ್ನ ಅವನ ಕೈಗೆ ಕೊಡಿ. ಅವನು ಪ್ರಶ್ನೆ ಕೇಳಿದಾಗ ಯಾರು ಉತ್ತರ ಕೊಟ್ಟರು ಅಂತ ಒಂದು ಗೆರೆ ಎಳೀತಾ ಹೋಗಲಿ. ನಮ್ಮಲ್ಲಿ ಹಾಗೆ ಮಾಡಿದಾಗ ಗೆರೆಗಳೆಲ್ಲ ಒಬ್ಬಳ ಹೆಸರಿನ ಮುಂದೆ. ಬೇರೆಯವರ ಪ್ರಶ್ನೆಗೂ ಅವಳೇ ಬಾಯಿ ಹಾಕ್ತಿದ್ದಳು. ಗೊತ್ತಿತ್ತು ಪಾಪ, ತಡೆಯೋಕಾಗ್ತಿರಲಿಲ್ಲ.

ಮೂಲೆಮನೆ ಮೇಷ್ಟ್ರು

ಇದು ಬಹಳ ಮುಖ್ಯ. ನನ್ನ ಮುಂದೆ ಗುಂಪು ನಿಂತಾಗ ಒಬ್ಬರೇ ಎಲ್ಲದಕ್ಕೂ ಉತ್ತರ ಕೊಟ್ಟರೆ ಮಿಕ್ಕ ನಾಲ್ವರಿಗೆ ಅಂಕ ಹಾಕೋಕೆ ನನ್ನ ಹತ್ತಿರ ಏನೂ ಇರಲ್ಲ. ನಿಯಮ ಮಾಡಿಕೊಳ್ಳಿ. ಭಾಗ ಯಾರದ್ದೋ ಅವರೇ ಮೊದಲು. ಮಿಕ್ಕವರು ಮನಸ್ಸಿನಲ್ಲಿ ಐದು ಎಣಿಸೋ ತನಕ ಬಾಯಿ ಮುಚ್ಚಿಕೊಂಡಿರಬೇಕು. ಗೊತ್ತಿಲ್ಲದಿದ್ದರೆ ಭಾಗದವರೇ "ಇದನ್ನ ಇವರು ನೋಡಿಕೊಂಡರು ಸರ್" ಅಂತ ಕೈ ತೋರಿಸಲಿ.

ಬ್ಯೂರೆಟ್ ಹುಡುಗಿ

ರಿಹರ್ಸಲ್ ಮಾಡಿದೆವು. ಬಾಯಿ ಹಾಕೋಳು ನಾನೇ ಅಂತ ಗೊತ್ತಾಯ್ತು, ಗೆರೆ ಎಳೆದವನು ನಗ್ತಿದ್ದ. ಸಮಯ ಮಾತ್ರ 18ಕ್ಕೆ ನಿಲ್ಲಲಿಲ್ಲ, 21 ಹತ್ತಿರ ಹೋಯ್ತು. ಜಾಸ್ತಿ ತಗೊಂಡಿದ್ದು ಫ್ಲೋರೈಡ್. ಅವನು ಆರು ನಿಮಿಷ ಮಾತಾಡ್ತಾನೆ, ನಿಲ್ಲಿಸೋಕೇ ಆಗಲ್ಲ. ಬಣ್ಣ ಹೋಗೋದು, ಜಿರ್ಕೋನಿಯಂ, ಗ್ರಾಫ್, ಎಲ್ಲ ಹೇಳಬೇಕು ಅವನಿಗೆ.

ನೇರ ಮಾತು

ಅವನಿಗೆ ಆರು ಕೊಟ್ಟು ಬೇರೆಯವರದ್ದು ಕತ್ತರಿಸಿ. ಮುಖ್ಯ ಭಾಗ ಅಲ್ವಾ.

ಮೂಲೆಮನೆ ಮೇಷ್ಟ್ರು

ಬೇಡ. ಹೇಳಬೇಕಾದದ್ದನ್ನ ಪ್ರಶ್ನೆಗೆ ಉಳಿಸಿಕೊಳ್ಳೋದು ಒಂದು ಜಾಣತನ. ಅವನು ಮಾತಿನಲ್ಲಿ ಇಷ್ಟೇ ಹೇಳಲಿ: ಸ್ಪ್ಯಾಡ್ನ್ಸ್ ವಿಧಾನ, ಫ್ಲೋರೈಡ್ ಜಾಸ್ತಿ ಆದಷ್ಟೂ ಬಣ್ಣ ಕಡಿಮೆ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 570 ನ್ಯಾನೋಮೀಟರಿಗೆ ಅಳೆದೆವು, ಹತ್ತರಲ್ಲಿ ಇಷ್ಟು ಮಿತಿ ಮೀರಿವೆ. ಬಣ್ಣ ಯಾಕೆ ಹೋಗುತ್ತೆ ಅನ್ನೋದನ್ನ ಬಿಟ್ಟುಬಿಡಲಿ. ಎಕ್ಸ್‌ಟರ್ನಲ್ ಅದನ್ನೇ ಕೇಳೋ ಸಾಧ್ಯತೆ ಜಾಸ್ತಿ. ಆಗ ಫ್ಲೋರೈಡ್ ಹೋಗಿ ಜಿರ್ಕೋನಿಯಂ ಜೊತೆ ಕೂಡಿಕೊಂಡು ಬಣ್ಣದ ಸಂಯುಕ್ತವನ್ನ ಒಡೆಯುತ್ತೆ ಅಂತ ಅವನು ಖುಷಿಯಿಂದ ಹೇಳಲಿ.

ಒಂದು ಮಾತ್ರ ಅವನನ್ನ ಈಗಲೇ ಕೇಳು. ಆ ವಿಧಾನ ಲೀಟರಿಗೆ ಸುಮಾರು 1.4 ಮಿಲಿಗ್ರಾಂ ತನಕ ಮಾತ್ರ ನೇರವಾಗಿ ಅಳೆಯುತ್ತೆ. ನಿಮ್ಮ ಫಲಿತಾಂಶದಲ್ಲಿ ಅದಕ್ಕಿಂತ ಜಾಸ್ತಿ ಇರೋ ಬೋರ್‌ವೆಲ್ ಇದ್ದರೆ, ಆ ಅಂಕಿ ಎಲ್ಲಿಂದ ಬಂತು?

ಬ್ಯೂರೆಟ್ ಹುಡುಗಿ

2.6 ಇದೆ ಒಂದರಲ್ಲಿ. ಕೇಳಿದೆ. ನೀರನ್ನ ಎರಡು ಪಟ್ಟು ತೆಳು ಮಾಡಿ ಅಳೆದು, ಬಂದ 1.3ನ್ನ ಎರಡರಿಂದ ಗುಣಿಸಿದ್ದಾನಂತೆ. ಆದರೆ ವರದಿಯಲ್ಲಿ ಬರೆದಿಲ್ಲ.

ಮೂಲೆಮನೆ ಮೇಷ್ಟ್ರು

ಮಾಡಿದ್ದು ಸರಿ. ಇವತ್ತೇ ವರದಿಗೆ ಸೇರಿಸಿ, ಸ್ಲೈಡಿನ ಪಟ್ಟಿಯ ಕೆಳಗೂ ಒಂದು ಸಾಲು ಹಾಕಿ.

ಮೆಲ್ಲಮೆಲ್ಲಗೆ

ಊರಿನ ಹುಡುಗನ ಕನ್ನಡದ ವಿಷಯ ಏನಾಯ್ತು?

ಬ್ಯೂರೆಟ್ ಹುಡುಗಿ

ಗೈಡ್ ಬಿಟ್ಟರು, ಎಚ್‌ಒಡಿ ಇನ್ನೂ ಹೂಂ ಅಂದಿಲ್ಲ. ಅವನು ಎರಡಕ್ಕೂ ತಯಾರಾಗ್ತಿದ್ದಾನೆ. ನನ್ನ ಕಣ್ಣಿಗೆ ಇದೊಂದು ಸಮ ಆಗಿಲ್ಲ. ನಾವೆಲ್ಲ ಒಂದು ಸಲ ಕಲಿತರೆ ಅವನು ಎರಡು ಸಲ ಕಲೀಬೇಕು.

ಸಂಖ್ಯಾ ಪ್ರಿಯ

ಅವನ ಇಂಗ್ಲಿಷ್ ಸ್ಕ್ರಿಪ್ಟ್ ಬರೆಯೋ ಕೆಲಸ ಬೇರೆ ಯಾರಾದರೂ ತಗೊಳ್ಳಿ. ಭಾರ ಸ್ವಲ್ಪ ಇಳಿಯುತ್ತೆ.

ಮೆಲ್ಲಮೆಲ್ಲಗೆ

ಬೇರೆಯವರು ಬರೆದ ವಾಕ್ಯ ಅವನ ಬಾಯಲ್ಲಿ ಕೂರಲ್ಲ. ನನಗೆ ಅನುಭವ ಇದೆ. ಅವನು ಕನ್ನಡದಲ್ಲಿ ಹೇಳ್ತಾ ಹೋಗಲಿ, ಒಬ್ಬರು ಪಕ್ಕ ಕೂತು ಅವನಿಗೆ ಗೊತ್ತಿರೋ ಇಂಗ್ಲಿಷ್ ಪದಗಳಲ್ಲೇ ಚಿಕ್ಕದಾಗಿ ಬರೆದುಕೊಡಲಿ. ಆದರೂ ಎಚ್‌ಒಡಿ ಒಪ್ಪೋದೇ ಒಳ್ಳೇದು.

ಬ್ಯೂರೆಟ್ ಹುಡುಗಿ

ಹಾಗೇ ಮಾಡ್ತೀವಿ. ಇಂಗ್ಲಿಷ್ ಹುಡುಗ ಕೂರ್ತೀನಿ ಅಂದಿದ್ದಾನೆ. ನಾಳೆ ಎಚ್‌ಒಡಿ ಹತ್ತಿರ ಐದೂ ಜನ ಹೋಗ್ತಿದ್ದೇವೆ.

ನೇರ ಮಾತು

ಚೀಟಿ ಎತ್ತಿದ್ದರೆ ಇಷ್ಟೊತ್ತಿಗೆ ಪ್ರಾಕ್ಟೀಸೇ ಮುಗೀತಿತ್ತು.

ಎರಡನೇ ಶಿಫ್ಟ್

ಒಂದು ಡೌಟ್. ಆ ದಿನ ಒಬ್ಬರು ಜ್ವರ ಅಂತ ಬರದಿದ್ದರೆ?

ಮೂಲೆಮನೆ ಮೇಷ್ಟ್ರು

ಈ ಸಲ ಪ್ರಶ್ನೆ ಪೂರ್ತಿ ಓದಿದ್ದೀಯಪ್ಪಾ, ಒಳ್ಳೇ ಪ್ರಶ್ನೆ. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಭಾಗದ ಸ್ಲೈಡನ್ನ ಒಂದು ನಿಮಿಷದಲ್ಲಿ ಹೇಳೋವಷ್ಟು ತಯಾರಿರಲಿ. ಕೊನೆಯ ಭಾಗ ಮೊದಲ ಭಾಗದವನಿಗೆ. ಪೂರ್ತಿ ಕಲಿಯೋದು ಬೇಡ, ಆಗೋದೂ ಇಲ್ಲ. ಬರದವರ ಅಂಕದ ಲೆಕ್ಕವನ್ನ ಕಾಲೇಜು ನೋಡಿಕೊಳ್ಳಲಿ.